ತಲೆಗೆಲ್ಲ ಕರೆಂಟೋ, ಗಡ್ಡೆಗಷ್ಟೇ ಕಿರಣವೋ

"ತಲೆಗೆ ಕರೆಂಟ್ ಕೊಡಿಸಬೇಕಂತೆ."

ಕ್ಯಾನ್ಸರ್ ಬಂದ ಮನೆಗಳಲ್ಲಿ ಈ ಮಾತು ಕೇಳಿದವರಿಗೆ ಅದರ ಭಾರ ಗೊತ್ತು. ನಮ್ಮ ಜನ ವಿಕಿರಣ ಚಿಕಿತ್ಸೆಯನ್ನು ಕರೆಂಟ್ ಎಂದೇ ಕರೆಯುತ್ತಾರೆ. ಅದರಲ್ಲಿ ವಿದ್ಯುತ್ತು ಮೈಗೆ ಹರಿಯುವುದಿಲ್ಲ; ಶಾಕ್ ಹೊಡೆಯುವುದಿಲ್ಲ, ಉರಿಯುವುದಿಲ್ಲ. ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಬಲವಾದ ಕಿರಣಗಳು ಮೈಯೊಳಗೆ ಹೋಗಿ, ಜೀವಕೋಶದ ಡಿಎನ್‌ಎ ಎಳೆಗಳನ್ನು ಕಡಿಯುತ್ತವೆ. ಕಡಿದ ಎಳೆಯನ್ನು ಸರಿಪಡಿಸಿಕೊಳ್ಳಲಾರದ ಕೋಶ ಮತ್ತೆ ಮರಿ ಹಾಕುವುದಿಲ್ಲ. ಚಿಕಿತ್ಸೆಯ ಮೂಲ ಇಷ್ಟೇ.

ಆದರೆ ದೇಹದ ಬೇರೆ ಕಡೆಯ ಕ್ಯಾನ್ಸರ್ ಮಿದುಳಿಗೆ ಹರಡಿದಾಗ, 'ತಲೆಗೆ ಕರೆಂಟ್' ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಚಿಕಿತ್ಸೆಗಳು ಸೇರಿಕೊಂಡಿರುತ್ತವೆ. ಒಂದು, ಇಡೀ ಮಿದುಳಿಗೆ ಕಿರಣ ಹಾಯಿಸುವುದು. ಇನ್ನೊಂದು, ಗಡ್ಡೆಗಳಿಗೆ ಮಾತ್ರ ಗುರಿಯಿಟ್ಟು ಕೊಡುವುದು. ಎರಡನೆಯದಕ್ಕೆ ಸ್ಟೀರಿಯೊಟ್ಯಾಕ್ಟಿಕ್ ರೇಡಿಯೊಸರ್ಜರಿ ಎಂದು ಹೆಸರು. ಸರ್ಜರಿ ಎಂದಿದ್ದರೂ ಅದರಲ್ಲಿ ಕತ್ತಿಯಿಲ್ಲ, ಹೊಲಿಗೆಯಿಲ್ಲ. ಈ ಎರಡರ ನಡುವಿನ ಆಯ್ಕೆ ರೋಗಿಯ ಮುಂದಿನ ತಿಂಗಳುಗಳು ಹೇಗಿರುತ್ತವೆ ಎಂಬುದನ್ನು ಬದಲಿಸುತ್ತದೆ. ಹಲವು ರೋಗಿಗಳ ಅನುಭವಗಳನ್ನು ಕೂಡಿಸಿ ಕಟ್ಟಿದ ಒಬ್ಬ ಟೀಚರ ಕಥೆಯ ಜೊತೆಗೇ ಇದನ್ನು ನೋಡೋಣ.

ಕೈಜಾರಿದ ಸೀಮೆಸುಣ್ಣ

ತುಮಕೂರು ಕಡೆಯ ಸರ್ಕಾರಿ ಶಾಲೆಯೊಂದರ ಟೀಚರು, ವಯಸ್ಸು 54. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್, ಕಿಮೊ ಎಲ್ಲ ಆಗಿ, ಮತ್ತೆ ತರಗತಿಗೆ ಮರಳಿದ್ದರು. ಒಂದು ದಿನ ಬೋರ್ಡಿನ ಮೇಲೆ ಬರೆಯುವಾಗ ಬಲಗೈಯಿಂದ ಸೀಮೆಸುಣ್ಣ ಜಾರಿತು. ಮರುದಿನವೂ ಜಾರಿತು. ಬೆಳಗ್ಗೆ ಏಳುವಾಗ ತಲೆನೋವು, ಒಮ್ಮೊಮ್ಮೆ ವಾಂತಿ.

ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಎಂಆರ್‌ಐ ಮಾಡಿದಾಗ ಮೂರು ಬಿಳಿ ಚುಕ್ಕೆಗಳು ಕಂಡವು. ಮಿದುಳಿನ ಎಡಭಾಗದಲ್ಲಿ, ಬಲಗೈಯನ್ನು ಆಡಿಸುವ ಜಾಗದ ಪಕ್ಕದಲ್ಲಿ 14 ಮಿಲಿಮೀಟರಿನದು ಒಂದು. ಕಿರುಮಿದುಳಿನಲ್ಲಿ 8 ಮಿಲಿಮೀಟರಿನದು ಇನ್ನೊಂದು. ಬಲಗಡೆ ಕಿವಿಯ ಮೇಲ್ಭಾಗಕ್ಕೆ 6 ಮಿಲಿಮೀಟರಿನದು ಮತ್ತೊಂದು. ಇವು ಮಿದುಳಿನಲ್ಲೇ ಹುಟ್ಟಿದ ಗಡ್ಡೆಗಳಲ್ಲ. ಸ್ತನದಲ್ಲಿದ್ದ ಕ್ಯಾನ್ಸರಿನ ಕೋಶಗಳು ರಕ್ತದಲ್ಲಿ ತೇಲಿ ಬಂದು, ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ, ಅಲ್ಲೇ ಬೇರುಬಿಟ್ಟಿದ್ದವು. ಶ್ವಾಸಕೋಶ, ಸ್ತನ, ಮೂತ್ರಪಿಂಡದ ಕ್ಯಾನ್ಸರುಗಳು ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರು ಹೀಗೆ ಮಿದುಳಿಗೆ ಹೋಗುವುದು ಹೆಚ್ಚು.

ಮೊದಲು ಶುರುವಾದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಇಂಥ ಗಡ್ಡೆಗಳಲ್ಲಿ ಕೈ ಸೋಲುವುದಕ್ಕೆ ಎಷ್ಟೋ ಸಲ ಕಾರಣ ಗಡ್ಡೆಗಿಂತ ಹೆಚ್ಚಾಗಿ ಅದರ ಸುತ್ತಲಿನ ಊತ. ಗಡ್ಡೆಯ ಹೊಸ ರಕ್ತನಾಳಗಳು ಸೋರಿ, ಸುತ್ತಲಿನ ಮಿದುಳು ನೀರು ಹೀರಿದ ಹತ್ತಿಯಂತಾಗುತ್ತದೆ. ಸ್ಟೀರಾಯ್ಡ್ ಆ ಸೋರಿಕೆಯನ್ನು ತಗ್ಗಿಸುತ್ತದೆ. ಎರಡು ದಿನದಲ್ಲಿ ಟೀಚರ ತಲೆನೋವು ಹೋಯಿತು, ಕೈಗೆ ಬಲ ಬಂತು. ಮನೆಯವರಿಗೆ ಕಾಯಿಲೆಯೇ ವಾಸಿಯಾದಂತೆ ಕಂಡಿತು. ಇಲ್ಲಿ ಎಚ್ಚರ ಬೇಕು: ಊತ ಇಳಿದಿದೆ, ಗಡ್ಡೆ ಇದ್ದಲ್ಲೇ ಇದೆ.

"ಡಾಕ್ಟ್ರೇ, ಅಮ್ಮನ ತಲೆಗೆ ಪೂರ್ತಿ ಕರೆಂಟ್ ಕೊಟ್ಬಿಟ್ರೆ ಒಂದೇ ಸಲಕ್ಕೆ ಎಲ್ಲಾ ಕ್ಲೀನ್ ಆಗಲ್ವಾ? ಬರೀ ಗಡ್ಡೆಗೆ ಕೊಟ್ರೆ ಉಳಿದದ್ದು ಹಾಗೇ ಉಳ್ಕೊಳಲ್ವಾ?" ಎಂದು ಮಗ ಕೇಳಿದ.

ತುಂಬ ಒಳ್ಳೆಯ ಪ್ರಶ್ನೆ. ವೈದ್ಯಲೋಕವೂ ದಶಕಗಳ ಕಾಲ ಹೀಗೆಯೇ ಯೋಚಿಸಿತ್ತು.

ಇಡೀ ಮಿದುಳಿಗೆ ಕೊಡುವ ಕಿರಣ

ಇಡೀ ಮಿದುಳಿನ ವಿಕಿರಣ ಚಿಕಿತ್ಸೆ 1950ರ ದಶಕದಿಂದ ಬಳಕೆಯಲ್ಲಿದೆ. ಮುಖದ ಅಚ್ಚಿಗೆ ಸರಿಯಾಗಿ ಪ್ಲಾಸ್ಟಿಕ್ ಮಾಸ್ಕ್ ಮಾಡಿ, ರೋಗಿಯನ್ನು ಮಲಗಿಸಿ, ತಲೆಯ ಎಡದಿಂದೊಮ್ಮೆ ಬಲದಿಂದೊಮ್ಮೆ ಕಿರಣ ಹಾಯಿಸುತ್ತಾರೆ. ದಿನಕ್ಕೆ ಕೆಲವು ನಿಮಿಷದ ಕೆಲಸ. ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಸಾಮಾನ್ಯವಾಗಿ ದಿನಕ್ಕೆ 3 ಗ್ರೇಯಂತೆ ಹತ್ತು ದಿನ, ಒಟ್ಟು 30 ಗ್ರೇ. ಶನಿವಾರ, ಭಾನುವಾರ ಬಿಟ್ಟು ಎರಡು ವಾರ ಹಿಡಿಯುತ್ತದೆ. ಬಹಳ ಬಳಲಿದವರಿಗೆ 20 ಗ್ರೇಯನ್ನು ಐದೇ ದಿನದಲ್ಲಿ ಕೊಟ್ಟು ಮುಗಿಸುವುದೂ ಉಂಟು.

ಇದನ್ನು ಕಂತಿನಲ್ಲಿ ಕೊಡಲು ಕಾರಣವಿದೆ. ಕಿರಣ ಹಾದುಹೋಗುವ ದಾರಿಯಲ್ಲಿ ಗಡ್ಡೆಯಿರುವುದು ಎಲ್ಲೋ ಒಂದಿಷ್ಟು ಜಾಗದಲ್ಲಿ. ಮಿಕ್ಕದ್ದೆಲ್ಲ ಆರೋಗ್ಯವಂತ ಮಿದುಳು. ಆರೋಗ್ಯವಂತ ಕೋಶ ಒಂದು ಕಂತಿಗೂ ಮುಂದಿನ ಕಂತಿಗೂ ನಡುವೆ ತನ್ನ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳಬಲ್ಲದು. ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬಾರದು. ಈ ವ್ಯತ್ಯಾಸವನ್ನೇ ನಂಬಿ ಚಿಕಿತ್ಸೆ ನಡೆಯುತ್ತದೆ. ಆದರೆ ಅದೇ ಅದರ ಕಟ್ಟೂ ಹೌದು. ಇಡೀ ಮಿದುಳು ತಡೆದುಕೊಳ್ಳುವಷ್ಟೇ ಕೊಡಬೇಕಾದ್ದರಿಂದ, ಗಡ್ಡೆಗೆ ಬೇಕಾದಷ್ಟು ಬಲವಾದ ಏಟು ಬೀಳುವುದಿಲ್ಲ.

ಇದರ ಗುಣ ಬೇರೆಯದು. ಎಂಆರ್‌ಐಯಲ್ಲಿ ಕಾಣುವ ಮೂರು ಗಡ್ಡೆಗಳ ಜೊತೆಗೆ, ಇನ್ನೂ ಯಾರ ಕಣ್ಣಿಗೂ ಬೀಳದ, ಮಿದುಳಿನಲ್ಲಿ ಎಲ್ಲೋ ಬಿದ್ದಿರುವ ಕ್ಯಾನ್ಸರ್ ಬೀಜಗಳನ್ನೂ ಅದು ಮುಟ್ಟುತ್ತದೆ. ಮಗ ಹೇಳಿದ 'ಎಲ್ಲಾ ಕ್ಲೀನ್' ಎಂಬ ಮಾತಿನ ತಿರುಳು ಇದು.

ಹನಿ ಹನಿ ಕೂಡಿದರೆ ಹಳ್ಳ

ಗಡ್ಡೆಗೆ ಮಾತ್ರ ಬಲವಾದ ಏಟು ಕೊಟ್ಟು ಸುತ್ತಲಿನ ಮಿದುಳನ್ನು ಉಳಿಸುವ ದಾರಿ ಹುಡುಕಿದವರು ಸ್ವೀಡನ್ನಿನ ಮಿದುಳು ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. 1951ರಲ್ಲಿ ಅವರು ಇದನ್ನು ರೇಡಿಯೊಸರ್ಜರಿ ಎಂದು ಕರೆದರು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆ ಸೇರಿ ಅವರು ಕಟ್ಟಿದ ಗಾಮಾ ನೈಫ್ ಯಂತ್ರ 1960ರ ದಶಕದ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಕೆಲಸ ಶುರುಮಾಡಿತು.

ಅವರ ಯೋಚನೆಯನ್ನು 'ಹನಿ ಹನಿ ಕೂಡಿದರೆ ಹಳ್ಳ' ಎಂಬ ನಮ್ಮ ಗಾದೆಯಿಂದಲೇ ಹೇಳಬಹುದು. ಇಂದಿನ ಗಾಮಾ ನೈಫ್ ಯಂತ್ರದ ಒಳಗೆ ತಲೆಯ ಸುತ್ತ 192 ಕೋಬಾಲ್ಟ್ ಮೂಲಗಳಿವೆ. ಒಂದೊಂದರಿಂದಲೂ ಒಂದೊಂದು ಸಣ್ಣ ಕಿರಣ ಹೊರಡುತ್ತದೆ. ಯಾವುದೇ ಒಂದು ಕಿರಣ ಒಂಟಿಯಾಗಿ ಮಿದುಳನ್ನು ದಾಟಿಹೋದರೆ ಅದರಿಂದ ಆಗುವ ಪೆಟ್ಟು ಲೆಕ್ಕಕ್ಕಿಲ್ಲದಷ್ಟು. ಅವೆಲ್ಲ ಒಂದು ಬಿಂದುವಿನಲ್ಲಿ ಕೂಡುವಂತೆ ಯಂತ್ರವನ್ನು ಕಟ್ಟಿರುತ್ತಾರೆ. ಆ ಬಿಂದುವಿನಲ್ಲಿ ಮಾತ್ರ ಹನಿಗಳು ಕೂಡಿ ಹಳ್ಳವಾಗುತ್ತವೆ. ಗಡ್ಡೆಯನ್ನು ತಂದು ಆ ಬಿಂದುವಿನಲ್ಲಿಡುವುದೇ ಚಿಕಿತ್ಸೆ.

ಕೋಬಾಲ್ಟ್ ಇಲ್ಲದೆಯೂ ಇದನ್ನು ಮಾಡಬಹುದು. ಮಾಮೂಲಿ ವಿಕಿರಣ ಚಿಕಿತ್ಸೆಯ ಲಿನ್ಯಾಕ್ ಯಂತ್ರಕ್ಕೆ ಬೇಕಾದ ಸೂಕ್ಷ್ಮ ಸಲಕರಣೆಗಳಿದ್ದರೆ, ಅದು ಒಂದೇ ಕಿರಣವನ್ನು ತಲೆಯ ಸುತ್ತ ಕಮಾನಿನಂತೆ ತಿರುಗಿಸುತ್ತ ಇದೇ ಪರಿಣಾಮ ತರುತ್ತದೆ. ಸೈಬರ್‌ನೈಫ್ ಎಂಬುದರಲ್ಲಿ ರೋಬೋಟ್ ತೋಳೊಂದು ಆ ಕೆಲಸ ಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಲಿನ್ಯಾಕ್‌ನಿಂದ ರೇಡಿಯೊಸರ್ಜರಿ ಮಾಡುವ ಆಸ್ಪತ್ರೆಗಳೂ ಇವೆ. ರೋಗಿಗೆ ಯಂತ್ರದ ಹೆಸರಿಗಿಂತ ಮುಖ್ಯವಾದದ್ದು, ಅದನ್ನು ನಡೆಸುವ ವೈದ್ಯರು ಮತ್ತು ಭೌತವಿಜ್ಞಾನಿಗಳ ಪಳಗಿದ ಕೈ.

ಇಲ್ಲಿ ಕಂತುಗಳಿಲ್ಲ. ಸಣ್ಣ ಗಡ್ಡೆಗೆ 20ರಿಂದ 24 ಗ್ರೇ ಒಂದೇ ಸಲಕ್ಕೆ. ಮೇಲುನೋಟಕ್ಕೆ ಇದು 30ಕ್ಕಿಂತ ಕಡಿಮೆ ಅನ್ನಿಸಬಹುದು. ಆದರೆ 30ನ್ನು ಹತ್ತು ಕಂತು ಮಾಡಿದಾಗ ಕೋಶಕ್ಕೆ ನಡುನಡುವೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. 20 ಒಂದೇ ಏಟಿಗೆ ಬಿದ್ದರೆ ಬಿಡುವಿಲ್ಲ. ಹಾಗಾಗಿ ಗಡ್ಡೆಯ ಮೇಲೆ ಅದರ ಪರಿಣಾಮ ಬಹಳ ಹೆಚ್ಚು. ಸಣ್ಣ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟು ಒಂಬತ್ತು ಒಂದು ವರ್ಷವಾದರೂ ಮತ್ತೆ ಬೆಳೆಯದೆ ಹತೋಟಿಯಲ್ಲಿರುತ್ತವೆ.

ಆ ಒಂದು ದಿನ

ಟೀಚರನ್ನು ಬೆಳಗ್ಗೆ ಬರಹೇಳಿದ್ದರು. ಹಣೆ ಮತ್ತು ಹಿಂದಲೆಯ ನಾಲ್ಕು ಕಡೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಲೋಹದ ಚೌಕಟ್ಟೊಂದನ್ನು ಸ್ಕ್ರೂಗಳಿಂದ ತಲೆಗೆ ಬಿಗಿದರು. ಇಡೀ ದಿನದಲ್ಲಿ ನೋವೆನಿಸಿದ್ದು ಆ ಇಂಜೆಕ್ಷನ್ನಿನ ಚುಚ್ಚು ಮತ್ತು ಬಿಗಿಯುವಾಗಿನ ಒತ್ತಡ. ತಲೆ ಅಲುಗದಿರಲಿ ಎಂಬುದಷ್ಟೇ ಚೌಕಟ್ಟಿನ ಉದ್ದೇಶವಲ್ಲ. ಅದಕ್ಕೆ ಸೇರಿಸಿದ ಪೆಟ್ಟಿಗೆಯ ಗುರುತುಗಳು ಎಂಆರ್‌ಐ ಚಿತ್ರದಲ್ಲಿ ಮೂಡುತ್ತವೆ. ಅವನ್ನು ಆಧಾರವಾಗಿಟ್ಟುಕೊಂಡು ಮಿದುಳಿನ ಪ್ರತಿ ಬಿಂದುವಿಗೂ ಉದ್ದ, ಅಗಲ, ಎತ್ತರದ ಮೂರು ಅಂಕಿಗಳ ವಿಳಾಸ ಕೊಡಬಹುದು. ಸ್ಟೀರಿಯೊಟ್ಯಾಕ್ಟಿಕ್ ಎಂಬ ಕಷ್ಟದ ಪದದ ಅರ್ಥ ಇದೇ: ಮೂರು ಆಯಾಮದಲ್ಲಿ ಗುರಿ ಕಟ್ಟುವುದು. ಗುರಿ ಒಂದು ಮಿಲಿಮೀಟರಿಗಿಂತ ಹೆಚ್ಚು ತಪ್ಪಬಾರದು. ಸ್ಕ್ರೂ ಇಲ್ಲದೆ ಬಿಗಿಯಾದ ಮಾಸ್ಕ್ ಹಾಕಿ, ಕ್ಯಾಮೆರಾದಿಂದಲೋ ಎಕ್ಸ್‌ರೇಯಿಂದಲೋ ತಲೆಯ ಅಲುಗಾಟವನ್ನು ಗಮನಿಸುತ್ತ ಚಿಕಿತ್ಸೆ ಮಾಡುವ ಕ್ರಮವೂ ಈಗ ವ್ಯಾಪಕವಾಗಿದೆ.

ಚೌಕಟ್ಟಿನೊಡನೆ ಹೊಸ ಎಂಆರ್‌ಐ ಆಯಿತು. ಈ ಸಲ ಮಿದುಳನ್ನು ಒಂದೊಂದು ಮಿಲಿಮೀಟರಿನ ಹೋಳುಗಳಾಗಿ ನೋಡಿದರು. ಆಗ ಹಿಂದಲೆಯ ಭಾಗದಲ್ಲಿ 3 ಮಿಲಿಮೀಟರಿನ ನಾಲ್ಕನೆಯ ಚುಕ್ಕೆ ಕಂಡಿತು. ಮೊದಲ ಎಂಆರ್‌ಐಯ ದಪ್ಪ ಹೋಳುಗಳ ನಡುವೆ ಅದು ತಪ್ಪಿಸಿಕೊಂಡಿತ್ತು. ಹೀಗಾಗುವುದು ಅಪರೂಪವಲ್ಲ. ಅದಕ್ಕೇ ತಿಂಗಳ ಹಿಂದಿನ ಎಂಆರ್‌ಐ ಹಿಡಿದು ರೇಡಿಯೊಸರ್ಜರಿ ಮಾಡಬಾರದು. ಗುರಿ ಎಷ್ಟು ಸೂಕ್ಷ್ಮವೋ ಚಿತ್ರವೂ ಅಷ್ಟೇ ಹೊಸದಾಗಿರಬೇಕು. ನಡುವೆ ದಿನಗಳು ಹೆಚ್ಚಾದಷ್ಟೂ ಗಡ್ಡೆ ಬೆಳೆದು, ಹಳೆಯ ಚಿತ್ರದ ಗೆರೆಯಿಂದ ಆಚೆ ಹೋಗಿರುತ್ತದೆ.

ಅನಂತರ ಒಂದೆರಡು ಗಂಟೆ ಕಂಪ್ಯೂಟರಿನ ಮುಂದೆ ಯೋಜನೆ. ವೈದ್ಯರು ಪ್ರತಿ ಹೋಳಿನಲ್ಲೂ ಗಡ್ಡೆಯ ಅಂಚನ್ನು ಗೆರೆ ಎಳೆದು ಗುರುತಿಸಿದರು. ಕೈ ಆಡಿಸುವ ಜಾಗದ ಪಕ್ಕದ 14 ಮಿಲಿಮೀಟರಿನ ಗಡ್ಡೆಗೆ 20 ಗ್ರೇ, ಮಿಕ್ಕ ಮೂರಕ್ಕೆ 22 ಗ್ರೇ ಎಂದು ತೀರ್ಮಾನವಾಯಿತು. ಈ ಅಂಕಿ ಗಡ್ಡೆಯ ಅಂಚಿನದು. ಗಾಮಾ ನೈಫ್‌ನಲ್ಲಿ ನಡುಭಾಗಕ್ಕೆ ಅದರ ಸುಮಾರು ಎರಡರಷ್ಟು ಬೀಳುತ್ತದೆ. ಅಂಚು ದಾಟಿ ಕೆಲವೇ ಮಿಲಿಮೀಟರ್ ಹೊರಗೆ ಹೋದರೆ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ಎರಡು ಚಿಕಿತ್ಸೆಗಳ ಅಂತರ ಕಣ್ಣಿಗೆ ಕಟ್ಟುತ್ತದೆ. ಈ ನಾಲ್ಕು ಗಡ್ಡೆಗಳನ್ನು ಗುಂಡುಗಳೆಂದು ಭಾವಿಸಿ ಗಾತ್ರ ತೆಗೆದರೆ ಒಟ್ಟು 2 ಮಿಲಿಲೀಟರಿಗಿಂತ ಕಡಿಮೆ. ಔಷಧಿ ಕುಡಿಯುವ 5 ಮಿಲಿಲೀಟರಿನ ಚಮಚದ ಅರ್ಧವೂ ಇಲ್ಲ. ಇಡೀ ಮಿದುಳು ಒಂದು ಲೀಟರಿಗೂ ಹೆಚ್ಚು. ಇಡೀ ಮಿದುಳಿನ ಚಿಕಿತ್ಸೆಯಲ್ಲಿ ಈ ಅರ್ಧ ಚಮಚಕ್ಕಾಗಿ ಆ ಲೀಟರಿನಷ್ಟಕ್ಕೂ ಒಂದೇ ಪ್ರಮಾಣದ ಕಿರಣ ಬೀಳುತ್ತದೆ.

ಮಧ್ಯಾಹ್ನ ಟೀಚರು ಯಂತ್ರದೊಳಗೆ ಒಂದೂವರೆ ಗಂಟೆ ಮಲಗಿದ್ದರು. ಸದ್ದಿಲ್ಲ, ಬಿಸಿಯಿಲ್ಲ. ಮಧ್ಯೆ ನಿದ್ದೆಯೂ ಬಂತು. ಸಂಜೆ ಚೌಕಟ್ಟು ಬಿಚ್ಚಿ, ಸ್ಕ್ರೂ ಇದ್ದ ಕಡೆ ಸಣ್ಣ ಪಟ್ಟಿ ಅಂಟಿಸಿ ಮನೆಗೆ ಕಳಿಸಿದರು. ಇಡೀ ಮಿದುಳಿಗೆ ಕೊಟ್ಟಿದ್ದರೆ ಎರಡು ಮೂರು ವಾರಕ್ಕೆ ಉದುರಬಹುದಾಗಿದ್ದ ಕೂದಲು ಉದುರಲಿಲ್ಲ. ಗಡ್ಡೆಗಳು ಅಂದೇ ಮಾಯವಾಗಲೂ ಇಲ್ಲ. ಪೆಟ್ಟು ತಿಂದ ಕೋಶಗಳು ಸಾಯುತ್ತ, ದೇಹ ಅವನ್ನು ಸಾಗಿಸುತ್ತ, ಗಡ್ಡೆ ಕುಗ್ಗುವುದಕ್ಕೆ ವಾರಗಳು, ತಿಂಗಳುಗಳು ಬೇಕು.

ಹನ್ನೆರಡು ಪದಗಳ ಪರೀಕ್ಷೆ

ಈಗ ಮಗನ ಪ್ರಶ್ನೆಗೆ ಬರೋಣ. ಗಡ್ಡೆಗೆ ಗುರಿಯಿಟ್ಟು ಕೊಟ್ಟದ್ದಾಯಿತು. ಕಾಣದ ಬೀಜಗಳಿಗಾಗಿ ಜೊತೆಗೆ ಇಡೀ ಮಿದುಳಿಗೂ ಕೊಟ್ಟರೆ ಒಳ್ಳೆಯದಲ್ಲವೇ?

ಜಪಾನಿನ ವೈದ್ಯರು ಇದನ್ನೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದರಿಂದ ನಾಲ್ಕು ಗಡ್ಡೆಗಳಿದ್ದ 132 ಜನರಲ್ಲಿ ಕೆಲವರಿಗೆ ರೇಡಿಯೊಸರ್ಜರಿ ಮಾತ್ರ, ಕೆಲವರಿಗೆ ಅದರ ಜೊತೆ ಇಡೀ ಮಿದುಳಿನ ಕಿರಣ. ಒಂದು ವರ್ಷದೊಳಗೆ ಮಿದುಳಿನಲ್ಲಿ ಮತ್ತೆ ಗಡ್ಡೆ ಕಾಣಿಸಿಕೊಂಡದ್ದು ಎರಡನ್ನೂ ಪಡೆದವರಲ್ಲಿ ನೂರಕ್ಕೆ 47 ಜನರಿಗೆ. ರೇಡಿಯೊಸರ್ಜರಿ ಮಾತ್ರ ಪಡೆದವರಲ್ಲಿ 76 ಜನರಿಗೆ. ಮಗ ಹೇಳಿದ್ದು ಅಲ್ಲಿಗೆ ನಿಜವೇ ಆಯಿತು. ಆದರೆ ಬದುಕಿದ ಕಾಲವನ್ನು ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಇದು ವಿಚಿತ್ರವೆನಿಸಬಹುದು. ಕಾರಣ ಎರಡು. ಹೀಗೆ ಕ್ಯಾನ್ಸರ್ ಹರಡಿದವರಲ್ಲಿ ಬಹಳಷ್ಟು ಮಂದಿಯ ಆಯುಷ್ಯವನ್ನು ನಿರ್ಧರಿಸುವುದು ಶ್ವಾಸಕೋಶ, ಯಕೃತ್ತು ಮುಂತಾದ ಕಡೆ ಇರುವ ರೋಗ, ಮಿದುಳಿನದೊಂದೇ ಅಲ್ಲ. ಜೊತೆಗೆ, ಹೊಸ ಗಡ್ಡೆಯನ್ನು ಸಣ್ಣದಿರುವಾಗಲೇ ಹಿಡಿದರೆ ಅದಕ್ಕೂ ರೇಡಿಯೊಸರ್ಜರಿ ಮಾಡಬಹುದು. ಬಂದದ್ದು ನಿಜ, ಆದರೆ ಬಂದದ್ದೇ ಪ್ರಾಣಕ್ಕೆ ಕುತ್ತಾಗಲಿಲ್ಲ.

ಹಾಗಾದರೆ ಎರಡನ್ನೂ ಕೊಡುವುದರಿಂದ ನಷ್ಟವೇನು? ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಅಲ್ಲಿ ಬಳಸಿದ ನೆನಪಿನ ಪರೀಕ್ಷೆ ಸರಳವಾದದ್ದು. ಹನ್ನೆರಡು ಪದಗಳನ್ನು ಓದಿ ಹೇಳುತ್ತಾರೆ. ನೆನಪಿದ್ದಷ್ಟನ್ನು ರೋಗಿ ತಿರುಗಿ ಹೇಳಬೇಕು. ಹೀಗೆ ಮೂರು ಸಲ. ಚಿಕಿತ್ಸೆಯಾದ ನಾಲ್ಕು ತಿಂಗಳಿಗೆ, ಎರಡನ್ನೂ ಪಡೆದವರಲ್ಲಿ ಕಲಿಕೆ ಮತ್ತು ನೆನಪು ಕುಗ್ಗುವ ಸಂಭವ ನೂರಕ್ಕೆ 52. ರೇಡಿಯೊಸರ್ಜರಿ ಮಾತ್ರ ಪಡೆದವರಲ್ಲಿ 24. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ 58 ಜನರಾಗುವಷ್ಟರಲ್ಲಿ ಅಧ್ಯಯನವನ್ನು ನಿಲ್ಲಿಸಿದರು. ಇದಕ್ಕಿಂತ ದೊಡ್ಡ, 213 ಜನರ ಇನ್ನೊಂದು ಅಧ್ಯಯನ 2016ರಲ್ಲಿ ಬಂತು. ಅದೂ ಇದನ್ನೇ ಹೇಳಿತು: ಮೂರು ತಿಂಗಳಿಗೆ ಯಾವುದಾದರೊಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಒಂದು ಕಡೆ ನೂರಕ್ಕೆ 92, ಇನ್ನೊಂದು ಕಡೆ 64.

ಆ 64 ಎಂಬುದನ್ನೂ ಮರೆಯಬಾರದು. ರೇಡಿಯೊಸರ್ಜರಿ ಮಾತ್ರ ಪಡೆದವರಲ್ಲೂ ನೆನಪು, ಚುರುಕು ಕುಗ್ಗಿದ್ದವು. ಗಡ್ಡೆಗಳು, ಔಷಧಿಗಳು, ದೇಹದ ರೋಗ ಎಲ್ಲವೂ ತಮ್ಮ ಪಾಲನ್ನು ಕಿತ್ತುಕೊಳ್ಳುತ್ತವೆ. ರೇಡಿಯೊಸರ್ಜರಿ ಮಿದುಳಿಗೆ ಏನೂ ಆಗದಂತೆ ಕಾಯುತ್ತದೆ ಎಂದಲ್ಲ. ಚಿಕಿತ್ಸೆಯಿಂದಲೇ ಆಗುವ ಹಾನಿಯನ್ನು ಕಡಿಮೆ ಮಾಡುತ್ತದೆ.

ಹೊಸ ವಿಷಯವನ್ನು ನೆನಪಾಗಿ ಕೂಡಿಡುವ ಕೆಲಸ ಹಿಪ್ಪೊಕ್ಯಾಂಪಸ್ ಎಂಬ ಭಾಗದ್ದು. ಮಿದುಳಿನ ಎರಡೂ ಪಕ್ಕದಲ್ಲಿ, ಒಳಗೆ ಹುದುಗಿರುವ ಕಿರುಬೆರಳಿನಷ್ಟರ ರಚನೆ ಅದು. ಅಲ್ಲಿರುವ ಎಳೆಯ ಕೋಶಗಳು ವಿಕಿರಣಕ್ಕೆ ಬೇಗ ಸೋಲುತ್ತವೆ. ಇಡೀ ಮಿದುಳಿಗೆ ಕೊಟ್ಟಾಗ ಕಿರಣ ಅದನ್ನು ತಪ್ಪಿಸಿ ಹೋಗಲಾರದು. ಐದನೇ ತರಗತಿಯ ಹಾಜರಿ ಪುಸ್ತಕವನ್ನು ತೆರೆಯದೆ ಹೆಸರು ಕೂಗುತ್ತಿದ್ದ ಟೀಚರಿಗೆ ಆ ಹನ್ನೆರಡು ಪದಗಳು ಬರೀ ಪರೀಕ್ಷೆಯಲ್ಲ.

ಆದರೂ ಇಡೀ ಮಿದುಳಿಗೇ ಬೇಕಾಗುವುದು ಯಾವಾಗ

ಹಿಂದೆ ಮೂರು, ನಾಲ್ಕು ಗಡ್ಡೆ ದಾಟಿದರೆ ರೇಡಿಯೊಸರ್ಜರಿ ಬೇಡ ಎನ್ನುತ್ತಿದ್ದರು. 1,194 ರೋಗಿಗಳನ್ನು ಗಮನಿಸಿ ಜಪಾನಿನಿಂದ 2014ರಲ್ಲಿ ಬಂದ ಅಧ್ಯಯನ ಆ ಗೆರೆಯನ್ನು ಸರಿಸಿತು. ಐದರಿಂದ ಹತ್ತು ಗಡ್ಡೆ ಇದ್ದವರು ರೇಡಿಯೊಸರ್ಜರಿಯ ನಂತರ ಬದುಕಿದ ಕಾಲ, ಎರಡರಿಂದ ನಾಲ್ಕು ಇದ್ದವರಿಗಿಂತ ಕಡಿಮೆಯಿರಲಿಲ್ಲ. ಆದರೆ ಅದರಲ್ಲೊಂದು ಷರತ್ತಿತ್ತು: ಎಲ್ಲ ಗಡ್ಡೆಗಳ ಗಾತ್ರ ಕೂಡಿದರೆ 15 ಮಿಲಿಲೀಟರ್ ಮೀರಿರಬಾರದು. ಎಷ್ಟು ಗಡ್ಡೆ ಎಂದು ಎಣಿಸುವುದರ ಜೊತೆಗೆ ಒಟ್ಟು ಎಷ್ಟು ಗಾತ್ರ ಎಂದು ಅಳೆಯುವುದೂ ಬೇಕು.

ಗಾತ್ರದ ವಿಷಯ ಕಣ್ಣಿಗೆ ಮೋಸ ಮಾಡುತ್ತದೆ. ಗಡ್ಡೆಯ ಅಡ್ಡಳತೆ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗುತ್ತದೆ. ಒಂದೂವರೆ ಸೆಂಟಿಮೀಟರಿನ ಗಡ್ಡೆ ಸುಮಾರು 2 ಮಿಲಿಲೀಟರ್. ಮೂರು ಸೆಂಟಿಮೀಟರಿನದು 14. ಗಡ್ಡೆ ದೊಡ್ಡದಾದಷ್ಟೂ ಅದರ ಸುತ್ತ ಕಿರಣ ಸೋಕುವ ಒಳ್ಳೆಯ ಮಿದುಳಿನ ಪದರವೂ ದೊಡ್ಡದು. ಅದಕ್ಕೇ ಎರಡು ಸೆಂಟಿಮೀಟರ್ ದಾಟಿದರೆ 18 ಗ್ರೇ, ಮೂರು ದಾಟಿದರೆ 15 ಗ್ರೇ ಎಂದು ಪ್ರಮಾಣ ಇಳಿಸಬೇಕಾಗುತ್ತದೆ; ಇಳಿಸಿದರೆ ಗಡ್ಡೆಯ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಅಂಥ ಗಡ್ಡೆಗಳಿಗೆ ಮೂರು ಅಥವಾ ಐದು ಕಂತಿನಲ್ಲಿ ಗುರಿಯಿಟ್ಟು ಕೊಡುತ್ತಾರೆ. ಇಲ್ಲವೇ ಆಪರೇಷನ್ ಮಾಡಿ ತೆಗೆದು, ಉಳಿದ ಗುಳಿಯ ಸುತ್ತ ರೇಡಿಯೊಸರ್ಜರಿ ಮಾಡುತ್ತಾರೆ.

ಗಡ್ಡೆಗಳು ಎಣಿಸಲಾಗದಷ್ಟು ಹರಡಿದ್ದರೆ, ಅಥವಾ ಮಿದುಳನ್ನು ಸುತ್ತಿರುವ ಪೊರೆ ಮತ್ತು ದ್ರವಕ್ಕೇ ಕ್ಯಾನ್ಸರ್ ಇಳಿದಿದ್ದರೆ, ಗುರಿಯಿಡಲು ಒಂದು ಬಿಂದುವೇ ಇರುವುದಿಲ್ಲ. ಶ್ವಾಸಕೋಶದ ಸಣ್ಣಕೋಶದ ಕ್ಯಾನ್ಸರ್ ಮಿದುಳಿನಲ್ಲಿ ಬಹಳ ಬೇಗ, ಬಹಳ ಕಡೆ ಬೀಜ ಚೆಲ್ಲುತ್ತದೆ. ಇಂಥಲ್ಲಿ ಇಡೀ ಮಿದುಳಿನ ಚಿಕಿತ್ಸೆಗೆ ಇಂದಿಗೂ ಜಾಗವಿದೆ. ಈಗ ಅದನ್ನೂ ಮೊದಲಿಗಿಂತ ನಾಜೂಕಾಗಿ ಕೊಡಬಹುದು. ಹಿಪ್ಪೊಕ್ಯಾಂಪಸ್ ಬಳಿ ಗಡ್ಡೆ ಇಲ್ಲದಿದ್ದರೆ ಆ ಭಾಗವನ್ನು ಆದಷ್ಟು ತಪ್ಪಿಸಿ ಕಿರಣ ಕೊಟ್ಟು, ಜೊತೆಗೆ ಮರೆವಿನ ಕಾಯಿಲೆಗೆ ಬಳಸುವ ಮೆಮಾಂಟಿನ್ ಮಾತ್ರೆ ಕೊಡುತ್ತಾರೆ. 518 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ತಪ್ಪಿಸಿ ಕೊಟ್ಟಾಗ ಬುದ್ಧಿಶಕ್ತಿ ಕುಗ್ಗುವ ಅಪಾಯ ಸುಮಾರು ಕಾಲುಭಾಗ ಇಳಿಯಿತು.

ಇನ್ನೊಂದು ಕಡೆಯ ಸತ್ಯವನ್ನೂ ಹೇಳಬೇಕು. ದೇಹ ಪೂರ್ತಿ ಸೋತು, ಹಾಸಿಗೆ ಹಿಡಿದವರಿಗೆ ಎರಡರಲ್ಲಿ ಯಾವ ಕಿರಣವೂ ಲಾಭ ತರದಿರಬಹುದು. ಆಪರೇಷನ್ನಿಗೂ ರೇಡಿಯೊಸರ್ಜರಿಗೂ ಒಗ್ಗದ 538 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟೀರಾಯ್ಡ್ ಮತ್ತು ಆರೈಕೆ ಮಾತ್ರ ಪಡೆದವರೂ, ಅದರ ಜೊತೆ ಇಡೀ ಮಿದುಳಿನ ಕಿರಣ ಪಡೆದವರೂ ಹೆಚ್ಚು ಕಡಿಮೆ ಒಂದೇ ಕಾಲ, ಎರಡು ತಿಂಗಳ ಆಸುಪಾಸು, ಬದುಕಿದರು. ಅಂಥ ಹೊತ್ತಿನಲ್ಲಿ ಎರಡು ವಾರ ಆಸ್ಪತ್ರೆಗೆ ಓಡಾಡಿಸುವುದಕ್ಕಿಂತ ಮನೆಯಲ್ಲಿ ನೋವಿಲ್ಲದಂತೆ ನೋಡಿಕೊಳ್ಳುವುದು ಮೇಲು.

ಕಾಯುವ ತಿಂಗಳುಗಳು

ರೇಡಿಯೊಸರ್ಜರಿ ಒಂದೇ ದಿನದ ಚಿಕಿತ್ಸೆ ಎನ್ನುವುದು ಅರ್ಧ ಸತ್ಯ. ಉಳಿದರ್ಧ ಎಂಆರ್‌ಐ. ಕಾಣದ ಬೀಜಗಳನ್ನು ಮುಟ್ಟದೆ ಬಿಟ್ಟಿದ್ದೇವೆ. ಆದ್ದರಿಂದ ಅವು ಮೊಳೆಯುತ್ತವೆಯೇ ಎಂದು ಎರಡು ಮೂರು ತಿಂಗಳಿಗೊಮ್ಮೆ ನೋಡಲೇಬೇಕು. ನೋಡದಿದ್ದರೆ ಜಪಾನಿನ ಅಧ್ಯಯನದ 76 ಎಂಬ ಅಂಕಿಯಷ್ಟೇ ಉಳಿಯುತ್ತದೆ. ಅದನ್ನು ನಿಭಾಯಿಸಿದ ದಾರಿ ಕೈಬಿಟ್ಟುಹೋಗುತ್ತದೆ. ದೂರದ ಊರಿನವರು, ಎಂಆರ್‌ಐಗೆ ಮತ್ತೆ ಮತ್ತೆ ಬರಲು ಕಷ್ಟವಿರುವವರು ಇದನ್ನು ಚಿಕಿತ್ಸೆಗೆ ಮೊದಲೇ ವೈದ್ಯರ ಬಳಿ ಬಾಯಿಬಿಟ್ಟು ಹೇಳಬೇಕು. ಅದು ಆಯ್ಕೆಯನ್ನೇ ಬದಲಿಸಬಹುದಾದ ವಿಷಯ.

ಟೀಚರಿಗೆ ಎರಡನೇ ತಿಂಗಳ ಎಂಆರ್‌ಐಯಲ್ಲಿ ನಾಲ್ಕೂ ಗಡ್ಡೆ ಕುಗ್ಗಿದ್ದವು. ಸ್ಟೀರಾಯ್ಡನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದ್ದರು. ಐದನೇ ತಿಂಗಳಲ್ಲಿ ಬೇರೆ ಜಾಗದಲ್ಲಿ 5 ಮಿಲಿಮೀಟರಿನ ಹೊಸ ಚುಕ್ಕೆ. ಟೀಚರಿಗೆ ಅದರ ಸುಳಿವೇ ಇರಲಿಲ್ಲ. ತಲೆನೋವಿಲ್ಲ, ಕೈ ಸೋತಿಲ್ಲ. ಇನ್ನೊಂದು ದಿನ, ಇನ್ನೊಂದು ಚೌಕಟ್ಟು, ಅದಕ್ಕೂ ರೇಡಿಯೊಸರ್ಜರಿ ಆಯಿತು.

ಹನ್ನೊಂದನೇ ತಿಂಗಳಲ್ಲಿ ಬಂದದ್ದು ಹೆಚ್ಚು ಕಷ್ಟದ ಪ್ರಶ್ನೆ. ಕುಗ್ಗಿದ್ದ ಮೊದಲ ಗಡ್ಡೆಯ ಜಾಗದಲ್ಲೇ ಬಿಳಿ ಉಂಗುರ ಮತ್ತೆ ದೊಡ್ಡದಾಗಿ, ಸುತ್ತ ಊತ ಕಂಡಿತು. ಬಲಗೈ ಮತ್ತೆ ಭಾರವೆನಿಸುತ್ತಿತ್ತು. ಇದು ಗಡ್ಡೆ ಮರಳಿದ್ದಿರಬಹುದು. ಅಥವಾ ರೇಡಿಯೇಷನ್ ನೆಕ್ರೋಸಿಸ್ ಇರಬಹುದು. ಹಾಗೆಂದರೆ, ಬಲವಾದ ಕಿರಣ ಬಿದ್ದ ಜಾಗದಲ್ಲಿ ಸುತ್ತಲಿನ ಮಿದುಳಿನ ಅಂಗಾಂಶವೂ ಸತ್ತು, ರಕ್ತನಾಳಗಳು ಸೋರತೊಡಗುವುದು. ರೇಡಿಯೊಸರ್ಜರಿಯ ಮುಖ್ಯ ಅಡ್ಡಪರಿಣಾಮ ಇದೇ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ.

ಮಾಮೂಲಿ ಎಂಆರ್‌ಐಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಮರಳಿದ ಗಡ್ಡೆಗೆ ಮತ್ತೆ ಏಟು ಬೇಕು. ಸತ್ತ ಅಂಗಾಂಶಕ್ಕೆ ಇನ್ನಷ್ಟು ಕಿರಣ ಕೊಟ್ಟರೆ ಹಾನಿಯ ಮೇಲೆ ಹಾನಿ. ಅದಕ್ಕಾಗಿ ರಕ್ತದ ಹರಿವನ್ನು ಅಳೆಯುವ ಪರ್ಫ್ಯೂಷನ್ ಎಂಆರ್‌ಐ ಮಾಡಿದರು. ಬೆಳೆಯುವ ಗಡ್ಡೆಗೆ ರಕ್ತ ಬೇಕು, ಅಲ್ಲಿ ಹರಿವು ಹೆಚ್ಚಿರುತ್ತದೆ. ಸತ್ತ ಜಾಗದಲ್ಲಿ ಹರಿವು ಕಡಿಮೆ. ಟೀಚರ ಚಿತ್ರದಲ್ಲಿ ಹರಿವು ಕಡಿಮೆಯಿತ್ತು. ಯಾವ ಒಂದು ಸ್ಕ್ಯಾನೂ ನೂರಕ್ಕೆ ನೂರು ಖಚಿತವಲ್ಲ. ಕೆಲವೊಮ್ಮೆ ಪೆಟ್ ಸ್ಕ್ಯಾನ್ ಬೇಕಾಗುತ್ತದೆ, ಕೆಲವೊಮ್ಮೆ ಆಪರೇಷನ್ ಮಾಡಿ ಚೂರು ತೆಗೆದು ನೋಡಿದ ಮೇಲೇ ತಿಳಿಯುತ್ತದೆ. ಇಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಮತ್ತೆ ಡೆಕ್ಸಾಮೆಥಾಸೋನ್ ಶುರುಮಾಡಿ, ಆರು ವಾರಕ್ಕೆ ಮತ್ತೊಂದು ಎಂಆರ್‌ಐ ಮಾಡಿದರು. ಉಂಗುರ ಚಿಕ್ಕದಾಗಿತ್ತು, ಕೈ ಹಗುರಾಗಿತ್ತು. ಸ್ಟೀರಾಯ್ಡಿಗೆ ಜಗ್ಗದಿದ್ದರೆ ಸೋರುವ ರಕ್ತನಾಳಗಳನ್ನು ಕಟ್ಟಿಹಾಕುವ ಬೆವಾಸಿಜುಮ್ಯಾಬ್ ಎಂಬ ಔಷಧಿ ಇದೆ.

ಅಂದು ಹೊರಡುವಾಗ ಮಗ ಮೊದಲ ದಿನದ ಪ್ರಶ್ನೆಯನ್ನು ಕೇಳಲಿಲ್ಲ. "ಮುಂದಿನ ಎಂಆರ್‌ಐ ಯಾವತ್ತು ಡಾಕ್ಟ್ರೇ?" ಎಂದ.

ಡಾಕ್ಟರು ಹೇಳಿದ ತಾರೀಖನ್ನು ಅವನು ಫೋನಿನಲ್ಲಿ ಹುಡುಕುವಷ್ಟರಲ್ಲಿ, ಪಕ್ಕದಲ್ಲಿದ್ದ ಟೀಚರು ಹೇಳಿದರು: "ಅವತ್ತು ಮಂಗಳವಾರ. ನಾನೇ ನೆನಪಿಟ್ಕೋತೀನಿ ಬಿಡು."